ಪೋಸ್ಟ್‌ಪೇಯ್ಡ್ ಬಿಟ್ಟ ಮೇಲೆ ಬಂದ ಬಿಲ್: ಒಂದು ಫ್ಯಾಮಿಲಿ ಪ್ಲ್ಯಾನಿನ ಪ್ರಕರಣ

ಶಿವಮೊಗ್ಗದಲ್ಲಿರುವ ನನ್ನ ಚಿಕ್ಕಪ್ಪ 2025ರ ಸೆಪ್ಟೆಂಬರ್‌ನಲ್ಲಿ ತಮ್ಮ ನಂಬರನ್ನು ಪೋಸ್ಟ್‌ಪೇಯ್ಡ್‌ನಿಂದ ಪ್ರೀಪೇಯ್ಡ್‌ಗೆ ಬದಲಿಸಿದರು. ಕಂಪನಿ ಅದೇ, ಸಿಮ್ ಅದೇ. ಆ್ಯಪ್‌ನಲ್ಲಿ ಕೇಳಿದ ಒಟಿಪಿ ಹಾಕಿದರು, ಸ್ವಲ್ಪ ಹೊತ್ತು ನೆಟ್‌ವರ್ಕ್ ಹೋಯಿತು, ಮತ್ತೆ ಬಂತು, ರೀಚಾರ್ಜ್ ಮಾಡಿದರು, ಅಲ್ಲಿಗೆ ಮುಗಿಯಿತು ಅಂದುಕೊಂಡರು. ಅಕ್ಟೋಬರ್ ಕೊನೆಯ ವಾರ ಯಾವುದೋ ವಸೂಲಿ ಏಜೆನ್ಸಿಯಿಂದ ಫೋನ್ ಬಂತು: "ಸರ್, 1,681 ರೂಪಾಯಿ ಬಾಕಿ ಇದೆ, ಯಾವಾಗ ಕಟ್ತೀರಿ?" ಚಿಕ್ಕಪ್ಪ ಮೊದಲು ಇದೊಂದು ಮೋಸದ ಕರೆ ಅಂತಲೇ ಇಟ್ಟುಬಿಟ್ಟರು. ಮೋಸ ಆಗಿರಲಿಲ್ಲ, ಬಿಲ್ ನಿಜವಾಗಿಯೂ ಇತ್ತು.

ಆ 1,681 ರೂಪಾಯಿ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ನ್ಯಾಯ, ಎಷ್ಟು ತಪ್ಪು, ಕೊನೆಗೆ ಏನಾಯಿತು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಫ್ಯಾಮಿಲಿ ಪ್ಲ್ಯಾನ್ ಇಟ್ಟುಕೊಂಡು ಪ್ರೀಪೇಯ್ಡ್‌ಗೆ ಹೋಗುವ ಯಾರಿಗೇ ಆದರೂ ಇದು ಆಗಬಹುದು.

ಮೊದಲು ಪ್ಲ್ಯಾನ್ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ತಿಂಗಳಿಗೆ 999 ರೂಪಾಯಿ ಬಾಡಿಗೆ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 1,179 ರೂಪಾಯಿ ಹತ್ತಿರ. ಚಿಕ್ಕಪ್ಪನದು ಮುಖ್ಯ ನಂಬರ್. ಅದರ ಕೆಳಗೆ ಎರಡು ಆ್ಯಡ್-ಆನ್ ಸಿಮ್, ಒಂದು ಚಿಕ್ಕಮ್ಮನದು, ಇನ್ನೊಂದು ಬೆಂಗಳೂರಿನಲ್ಲಿ ಕೆಲಸ ಮಾಡುವ ತಂಗಿಯದು. ಮೂವರೂ ಹಂಚಿಕೊಳ್ಳುವ ಡೇಟಾ, ಜೊತೆಗೆ ಎರಡು ಒಟಿಟಿ. ಬಿಲ್ ಪ್ರತಿ ತಿಂಗಳು 5ನೇ ತಾರೀಕಿನಿಂದ ಮುಂದಿನ ತಿಂಗಳ 4ರವರೆಗೆ. ಹಣ ಬ್ಯಾಂಕ್ ಖಾತೆಯಿಂದ ಆಟೋಪೇ ಆಗಿ ಹೋಗುತ್ತಿತ್ತು, ಹಾಗಾಗಿ ಬಿಲ್ ತೆರೆದು ನೋಡುವ ಅಭ್ಯಾಸ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಿವೃತ್ತಿಯಾದ ಮೇಲೆ ಚಿಕ್ಕಪ್ಪನಿಗೆ ಇಷ್ಟು ದೊಡ್ಡ ಪ್ಲ್ಯಾನ್ ಬೇಕಾಗಿರಲಿಲ್ಲ. ಮನೆಯಲ್ಲಿ ವೈಫೈ ಇದೆ, ಹೊರಗೆ ಹೋದಾಗ ಕರೆ ಮಾಡಿದರೆ ಸಾಕು. ಲೆಕ್ಕ ಹಾಕುವಾಗ ಒಂದು ವಿಷಯ ಗಮನಿಸಬೇಕು. ಪೋಸ್ಟ್‌ಪೇಯ್ಡ್ ಜಾಹೀರಾತಿನಲ್ಲಿ ಕಾಣುವ ದರಕ್ಕೆ ಸಾಮಾನ್ಯವಾಗಿ ತೆರಿಗೆ ಸೇರಿರುವುದಿಲ್ಲ, ಪ್ರೀಪೇಯ್ಡ್ ರೀಚಾರ್ಜ್ ದರದಲ್ಲಿ ಸೇರಿರುತ್ತದೆ. ಪಕ್ಕಪಕ್ಕದಲ್ಲಿಟ್ಟು ಹೋಲಿಸುವಾಗ ಪೋಸ್ಟ್‌ಪೇಯ್ಡ್‌ಗೆ 18 ಪರ್ಸೆಂಟ್ ಸೇರಿಸಿಯೇ ನೋಡಬೇಕು. ಇನ್ನೊಂದು ಕಡೆ, 28 ದಿನದ ಪ್ರೀಪೇಯ್ಡ್ ಪ್ಲ್ಯಾನ್ ಆದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್ ಬೇಕು.

ಬದಲಿಸುವ ಕೆಲಸ ಈಗ ಸುಲಭ ಆಗಿದೆ. ಮೊದಲು ಅಂಗಡಿಗೆ ಹೋಗಿ ಮತ್ತೆ ಕೆವೈಸಿ ಕೊಡಬೇಕಿತ್ತು. 2021ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಒಟಿಪಿ ಮೂಲಕವೇ ಬದಲಿಸಲು ಅವಕಾಶ ಕೊಟ್ಟಿತು. ಹಾಗಂತ ಹೋಗಿ ಬಂದು ಮಾಡುವ ಹಾಗಿಲ್ಲ. ಒಮ್ಮೆ ಬದಲಿಸಿದ ಮೇಲೆ ಒಟಿಪಿಯಿಂದ ವಾಪಸ್ ಬರಬೇಕಾದರೆ ಮೊದಲು 90 ದಿನ ಕಾಯಬೇಕಿತ್ತು. 2025ರ ಜೂನ್‌ನಲ್ಲಿ ಮೊದಲ ಸಲಕ್ಕೆ ಅದನ್ನು 30 ದಿನಕ್ಕೆ ಇಳಿಸಿದರು, ಆಮೇಲಿನ ಬದಲಾವಣೆಗಳಿಗೆ 90 ದಿನವೇ ಇದೆ. ಈ ಸೌಲಭ್ಯ ಬಂದದ್ದು ಒಳ್ಳೆಯದೇ. ಆದರೆ ಅಂಗಡಿಯ ಕೌಂಟರ್‌ನಲ್ಲಿ ಕೂತವನು "ನಿಮ್ಮ ಕೆಳಗೆ ಎರಡು ಸಿಮ್ ಇದೆಯಲ್ಲ, ಅದನ್ನೇನು ಮಾಡೋದು?" ಅಂತ ಕೇಳುತ್ತಿದ್ದ. ಒಟಿಪಿ ಆ ಪ್ರಶ್ನೆ ಕೇಳುವುದಿಲ್ಲ.

ಚಿಕ್ಕಪ್ಪ ಬದಲಿಸಿದ್ದು ಸೆಪ್ಟೆಂಬರ್ 19ಕ್ಕೆ. ಅದಕ್ಕೆ ಮುಂಚೆ ಆ್ಯಪ್ ತೆರೆದು ನೋಡಿದ್ದರು. ಬಾಕಿ ಸೊನ್ನೆ ಅಂತ ತೋರಿಸುತ್ತಿತ್ತು. ಅದು ಸುಳ್ಳಲ್ಲ. ಆಗಸ್ಟ್ 5ರಿಂದ ಸೆಪ್ಟೆಂಬರ್ 4ರವರೆಗಿನ ಬಿಲ್ ಆಟೋಪೇಯಲ್ಲಿ ಹೋಗಿತ್ತು. ಆದರೆ ಆ ಸೊನ್ನೆ ಹೇಳುವುದು ಈಗಾಗಲೇ ಬಂದಿರುವ ಬಿಲ್ಲಿನ ಬಗ್ಗೆ ಮಾತ್ರ. ಸೆಪ್ಟೆಂಬರ್ 5ರಿಂದ 18ರವರೆಗೆ, ಅಂದರೆ 14 ದಿನ, ಅವರು ಬಳಸಿದ್ದರಲ್ಲ, ಅದಕ್ಕಿನ್ನೂ ಬಿಲ್ ಆಗಿರಲಿಲ್ಲ. ಇದನ್ನು ಆ್ಯಪ್‌ಗಳಲ್ಲಿ ಅನ್‌ಬಿಲ್ಡ್ ಅಂತ ಬೇರೆ ಸಾಲಿನಲ್ಲಿ ತೋರಿಸುತ್ತಾರೆ, ಕೆಲವು ಕಡೆ ಅದನ್ನು ಹುಡುಕಿಕೊಂಡು ಒಳಗೆ ಹೋಗಬೇಕು. ಪ್ರೀಪೇಯ್ಡ್‌ಗೆ ಹೋದ ತಕ್ಷಣ ಈ ಮೊತ್ತ ಮಾಯ ಆಗುವುದಿಲ್ಲ. ಅದು ಫೈನಲ್ ಬಿಲ್ ಆಗಿ ನಂತರ ಬರುತ್ತದೆ.

ಎಲ್ಲರಿಗೂ ಹೀಗೇ ಅಂತಲ್ಲ. ಕೆಲವು ಕಂಪನಿಗಳು ಬಾಡಿಗೆಯನ್ನು ತಿಂಗಳು ಮುಗಿದ ಮೇಲೆ ಹಾಕುತ್ತವೆ, ಕೆಲವು ಮುಂಗಡ ಹಾಕುತ್ತವೆ. ನಿಮ್ಮದು ಯಾವುದು ಅಂತ ತಿಳಿಯಲು ಹಳೆಯ ಬಿಲ್ಲಿನ ಪಿಡಿಎಫ್ ತೆಗೆದು ಮಾಸಿಕ ಬಾಡಿಗೆಯ ಸಾಲಿನ ಪಕ್ಕ ಬರೆದಿರುವ ತಾರೀಕು ನೋಡಿ. ಬಿಲ್ ದಿನಾಂಕಕ್ಕಿಂತ ಹಿಂದಿನ ತಾರೀಕುಗಳಿದ್ದರೆ ನೀವು ಬಳಸಿ ಆಮೇಲೆ ಕೊಡುತ್ತಿದ್ದೀರಿ, ಫೈನಲ್ ಬಿಲ್ಲಿನಲ್ಲಿ ಬಾಡಿಗೆ ಬರುತ್ತದೆ. ಮುಂದಿನ ತಾರೀಕುಗಳಿದ್ದರೆ ಮೊದಲೇ ಕೊಟ್ಟಿದ್ದೀರಿ, ಉಳಿದ ದಿನಗಳ ಹಣ ನಿಮಗೇ ವಾಪಸ್ ಬರಬೇಕಾಗಬಹುದು. ಚಿಕ್ಕಪ್ಪನದು ಮೊದಲನೆಯ ರೀತಿ.

ಹಾಗಾದರೆ ಬರಬೇಕಾದ ಫೈನಲ್ ಬಿಲ್ ಎಷ್ಟು? 999 ರೂಪಾಯಿಯಲ್ಲಿ 30 ದಿನಕ್ಕೆ 14 ದಿನದ ಪಾಲು 466 ರೂಪಾಯಿ 20 ಪೈಸೆ. ತೆರಿಗೆ ಸೇರಿ 550. ಬಂದದ್ದು 1,681. ಬಿಲ್ ಕೈಗೆ ಸಿಕ್ಕ ಮೇಲೆ ಸಾಲು ಸಾಲಾಗಿ ನೋಡಿದೆವು.

ಮೊದಲ ಸಾಲಿನಲ್ಲಿ ಚಿಕ್ಕಪ್ಪನ ನಂಬರಿಗೆ ಪೂರ್ತಿ 999 ಹಾಕಿದ್ದರು. 14 ದಿನದ ಪಾಲು ಅಲ್ಲ, ಇಡೀ ತಿಂಗಳದ್ದು. ಅದೇ ನಂಬರಿಗೆ 19ರಿಂದ ಪ್ರೀಪೇಯ್ಡ್ ರೀಚಾರ್ಜ್ ಕೂಡ ಆಗಿದೆ. ಒಂದೇ ದಿನಗಳಿಗೆ ಎರಡು ಸಲ ಹಣ ಅಂತಾಯಿತು. ಅವರ ಪ್ಲ್ಯಾನಿನ ಷರತ್ತು ಓದಿದೆವು. ತಿಂಗಳ ಮಧ್ಯೆ ಬಿಟ್ಟರೆ ಬಳಸಿದ ದಿನಗಳಿಗೆ ಮಾತ್ರ ಬಾಡಿಗೆ ಅಂತ ಸ್ಪಷ್ಟವಾಗಿ ಇತ್ತು. ಇದು ನೇರ ತಪ್ಪು.

ಮುಂದಿನ ಎರಡು ಸಾಲುಗಳೇ ಯಾರೂ ನಿರೀಕ್ಷಿಸದೇ ಇದ್ದದ್ದು. ಚಿಕ್ಕಮ್ಮನ ನಂಬರಿಗೆ 212 ರೂಪಾಯಿ 80 ಪೈಸೆ, ತಂಗಿಯ ನಂಬರಿಗೆ ಅಷ್ಟೇ. ಏನಾಗಿದೆ ಅಂದರೆ, ಮುಖ್ಯ ನಂಬರ್ ಪ್ಲ್ಯಾನಿನಿಂದ ಹೊರಗೆ ಹೋದ ಕ್ಷಣಕ್ಕೆ ಆ್ಯಡ್-ಆನ್ ಸಿಮ್‌ಗಳಿಗೆ ಆಸರೆಯೇ ಇಲ್ಲದಂತಾಯಿತು. ಅವು ಚಿಕ್ಕಪ್ಪನ ಜೊತೆ ಪ್ರೀಪೇಯ್ಡ್‌ಗೆ ಹೋಗಲಿಲ್ಲ, ಬಂದ್ ಕೂಡ ಆಗಲಿಲ್ಲ. ಎರಡೂ ಬೇರೆ ಬೇರೆ ಪೋಸ್ಟ್‌ಪೇಯ್ಡ್ ಸಂಪರ್ಕಗಳಾಗಿ, ತಲಾ 399 ರೂಪಾಯಿಯ ಕನಿಷ್ಠ ಪ್ಲ್ಯಾನಿಗೆ ಬಿದ್ದವು. ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ 16 ದಿನ. 399ರಲ್ಲಿ 16 ದಿನದ ಪಾಲೇ ಆ 212.80. ಫೋನ್ ನಡೆಯುತ್ತಲೇ ಇತ್ತು, ಆದ್ದರಿಂದ ಚಿಕ್ಕಮ್ಮನಿಗಾಗಲಿ ತಂಗಿಗಾಗಲಿ ಏನೂ ಗೊತ್ತಾಗಲಿಲ್ಲ. ತಂಗಿಗೆ ಮಾತ್ರ ಡೇಟಾ ಬೇಗ ಖಾಲಿ ಆಗುತ್ತಿದೆ ಅನ್ನಿಸಿತ್ತಂತೆ. ಹಂಚಿಕೊಳ್ಳುವ ಡೇಟಾ ಹೋಗಿ ಸಣ್ಣ ಪ್ಲ್ಯಾನಿನ ಡೇಟಾ ಉಳಿದಿತ್ತು, ಅದಕ್ಕೇ ಹಾಗೆ. ಈ ರೀತಿ ಇದ್ದಕ್ಕಿದ್ದ ಹಾಗೆ ಡೇಟಾ ಕಮ್ಮಿಯಾದರೆ ಪ್ಲ್ಯಾನ್ ಬದಲಾಗಿದೆಯಾ ಅಂತ ಆ್ಯಪ್‌ನಲ್ಲಿ ನೋಡಲೇಬೇಕು.

999, ಎರಡು ಸಲ 212.80, ಅದರ ಮೇಲೆ ಜಿಎಸ್‌ಟಿ. ಒಟ್ಟು 1,681.

ಆ್ಯಡ್-ಆನ್ ಹಣದ ಬಗ್ಗೆ ನಾವು ಜಗಳ ಮಾಡಲಿಲ್ಲ. ಮುಖ್ಯ ನಂಬರ್ ಬಿಟ್ಟರೆ ಆ್ಯಡ್-ಆನ್‌ಗಳು ಕನಿಷ್ಠ ಪ್ಲ್ಯಾನಿಗೆ ಬದಲಾಗುತ್ತವೆ ಅಂತ ಷರತ್ತಿನಲ್ಲಿ ಬರೆದಿತ್ತು, ಮತ್ತು ಇಬ್ಬರೂ ಆ 16 ದಿನ ಫೋನ್ ಬಳಸಿದ್ದಾರೆ. ಆದರೂ ನನಗೆ ಇದು ಸರಿ ಕಾಣುವುದಿಲ್ಲ. ಒಟಿಪಿ ಕಳಿಸುವ ಮೆಸೇಜಿನಲ್ಲೇ "ನಿಮ್ಮ ಕೆಳಗೆ ಎರಡು ನಂಬರ್ ಇವೆ, ಅವುಗಳ ಬಾಡಿಗೆ ಇಷ್ಟಾಗುತ್ತದೆ" ಅಂತ ಒಂದು ಸಾಲು ಹಾಕಲು ಏನು ಕಷ್ಟ? ಎಲ್ಲ ಕಂಪನಿಗಳೂ ಹೀಗೆ ಮಾಡುವುದಿಲ್ಲ. ಆ್ಯಡ್-ಆನ್ ಬಿಡಿಸುವವರೆಗೆ ಮುಖ್ಯ ನಂಬರನ್ನು ಬದಲಿಸಲು ಬಿಡದ ವ್ಯವಸ್ಥೆಯೂ ಇದೆ, ಅದೇ ವಾಸಿ. ಅದು ಕಿರಿಕಿರಿ ಅನ್ನಿಸಿದರೂ ಕನಿಷ್ಠ ವಿಷಯ ಗೊತ್ತಾಗುತ್ತದೆ.

ಈಗ ಅಸಲಿ ತೊಂದರೆಗೆ ಬರುತ್ತೇನೆ. ಬಿಲ್ ಅಕ್ಟೋಬರ್ 5ಕ್ಕೇ ಆಗಿತ್ತು, ಕೊನೆ ದಿನ 22. ಹಾಗಾದರೆ ವಸೂಲಿ ಕರೆ ಬರುವವರೆಗೆ ಯಾಕೆ ಗೊತ್ತಾಗಲಿಲ್ಲ? ಯಾಕೆಂದರೆ ನಂಬರ್ ಪ್ರೀಪೇಯ್ಡ್ ಆದ ಮೇಲೆ ಆ್ಯಪ್ ತೆರೆದರೆ ಪ್ರೀಪೇಯ್ಡ್ ಪುಟವೇ ಬರುತ್ತದೆ. ರೀಚಾರ್ಜ್, ವ್ಯಾಲಿಡಿಟಿ, ಡೇಟಾ, ಅಷ್ಟೇ. ಹಳೆಯ ಬಿಲ್‌ಗಳಿದ್ದ ಜಾಗವೇ ಕಾಣುವುದಿಲ್ಲ. ಬಿಲ್ ಹೋಗಿದ್ದು ಇಮೇಲ್‌ಗೆ, ಅದೂ ತಂಗಿ ಕಾಲೇಜಿನಲ್ಲಿದ್ದಾಗ ಮಾಡಿಕೊಟ್ಟ, ಈಗ ಯಾರೂ ತೆರೆಯದ ವಿಳಾಸಕ್ಕೆ. ಎಸ್ಸೆಮ್ಮೆಸ್ ಬಂದಿರಬಹುದು, ಜಾಹೀರಾತುಗಳ ಮಧ್ಯೆ ಕಳೆದುಹೋಗಿರಬಹುದು.

ಆಟೋಪೇ ಇತ್ತಲ್ಲ ಅಂತ ಚಿಕ್ಕಪ್ಪ ಕೇಳಿದರು. ಇತ್ತು, ಆದರೆ ಅದು ಚಿಕ್ಕಪ್ಪನ ಪೋಸ್ಟ್‌ಪೇಯ್ಡ್ ನಂಬರಿಗೆ ಕಟ್ಟಿದ್ದ ಮ್ಯಾಂಡೇಟ್. ನಂಬರ್ ಪ್ರೀಪೇಯ್ಡ್ ಆದಾಗ ಕಂಪನಿಯ ಕಡೆಯಿಂದ ಅದು ರದ್ದಾಗಿತ್ತು. ಹಣ ಕತ್ತರಿಸುವ ಮುಂಚೆ ಬ್ಯಾಂಕಿನಿಂದ ಮೆಸೇಜ್ ಬರಬೇಕು ಅನ್ನುವ ನಿಯಮ ಇದೆ, ಕನಿಷ್ಠ 24 ಗಂಟೆ ಮೊದಲು. ಆ ಮೆಸೇಜ್ ಬರಲಿಲ್ಲ ಅಂದರೆ ಆಟೋಪೇ ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ. ಬದಲಾವಣೆಯ ನಂತರದ ತಿಂಗಳಲ್ಲಿ ಇದನ್ನು ಕಣ್ಣಿಟ್ಟು ನೋಡಬೇಕು.

ಸಣ್ಣ ಮೊತ್ತ, ಬಿಟ್ಟರೆ ಏನಾಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಇಲ್ಲಿ ಚಿಕ್ಕಮ್ಮನ ಮತ್ತು ತಂಗಿಯ ನಂಬರ್ ಅದೇ ಖಾತೆಯಲ್ಲಿವೆ, ಬಾಕಿ ಉಳಿದರೆ ಅವರ ಹೊರಹೋಗುವ ಕರೆ ನಿಲ್ಲುತ್ತದೆ. ಟೆಲಿಕಾಂ ಬಾಕಿಗಳು ಕ್ರೆಡಿಟ್ ಬ್ಯೂರೋಗಳವರೆಗೂ ಹೋಗುವುದುಂಟು. ಕಂಪನಿ ಬದಲಿಸಿ ಪೋರ್ಟ್ ಮಾಡಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. 1900ಕ್ಕೆ `PORT` ಮತ್ತು ನಿಮ್ಮ ನಂಬರ್ ಹಾಕಿ ಕಳಿಸಿದಾಗ, ಕೊನೆ ದಿನ ದಾಟಿದ ಬಿಲ್ ಬಾಕಿ ಇದ್ದರೆ ಪೋರ್ಟಿಂಗ್ ಕೋಡೇ ಸಿಗುವುದಿಲ್ಲ. ಪೋರ್ಟ್ ಆದ ಮೇಲೆ ಬಂದ ಕೊನೆಯ ಬಿಲ್ ಕಟ್ಟದಿದ್ದರೆ ಹಳೆಯ ಕಂಪನಿ ಹೊಸ ಕಂಪನಿಗೆ ಹೇಳಿ ನಂಬರನ್ನೇ ನಿಲ್ಲಿಸಬಹುದು.

ನಾವು ಮಾಡಿದ್ದು ಹೀಗೆ. ಮೊದಲು ಹಳೆಯ ಬಿಲ್ಲಿನಿಂದ ಖಾತೆ ಸಂಖ್ಯೆ ತೆಗೆದುಕೊಂಡೆವು. ಇದು ಮೊಬೈಲ್ ನಂಬರ್ ಅಲ್ಲ, ಬಿಲ್ಲಿನ ಮೇಲ್ಭಾಗದಲ್ಲಿ ಬೇರೆಯಾಗಿ ಇರುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಮೊಬೈಲ್ ನಂಬರ್ ಹೇಳಿದಾಗಲೆಲ್ಲ ಅವರಿಗೆ ಪ್ರೀಪೇಯ್ಡ್ ಮಾತ್ರ ಕಾಣುತ್ತಿತ್ತು, "ಯಾವ ಬಾಕಿಯೂ ಇಲ್ಲ ಸರ್" ಅನ್ನುತ್ತಿದ್ದರು. ಖಾತೆ ಸಂಖ್ಯೆ ಹೇಳಿದ ಮೇಲೆ ಬಿಲ್ ಸಿಕ್ಕಿತು. ಏಜೆನ್ಸಿಯವರು ಕಳಿಸಿದ ಪಾವತಿ ಲಿಂಕನ್ನು ಮುಟ್ಟಲಿಲ್ಲ. ಬಿಲ್ ನಿಜವಾಗಿದ್ದರೂ ಲಿಂಕ್ ನಿಜ ಅಂತ ನಂಬಬೇಕಾಗಿಲ್ಲ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಖಾತೆ ಸಂಖ್ಯೆ ಹಾಕಿ ಕಟ್ಟುವ ದಾರಿ ಇತ್ತು.

ನಂತರ, ನಮ್ಮ ಲೆಕ್ಕಕ್ಕೆ ಸರಿಯಾದ ಮೊತ್ತ ಕಟ್ಟಿಬಿಟ್ಟೆವು. ಚಿಕ್ಕಪ್ಪನ 14 ದಿನದ 466.20, ಆ್ಯಡ್-ಆನ್‌ಗಳ 425.60, ತೆರಿಗೆ ಸೇರಿ 1,052 ರೂಪಾಯಿ. ಉಳಿದ 629ಕ್ಕೆ ದೂರು ಕೊಟ್ಟೆವು. ಒಪ್ಪುವ ಭಾಗ ಕಟ್ಟಿದ್ದರೆ ದೂರಿಗೂ ತೂಕ ಇರುತ್ತದೆ, ಆ್ಯಡ್-ಆನ್ ನಂಬರುಗಳು ಬಂದ್ ಆಗುವ ಭಯವೂ ಕಮ್ಮಿ. ದೂರಿಗೆ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಬೇಕು, ಇಲ್ಲವಾದರೆ ಅದು ಬರೀ ಮಾತುಕತೆ ಅಷ್ಟೇ, ದೂರು ಅಲ್ಲ.

ಮೊದಲ ಉತ್ತರ ಬಂತು: ಬಿಲ್ ಸರಿಯಾಗಿದೆ, ದೂರು ಮುಗಿಸಲಾಗಿದೆ. ಬಹಳ ಜನ ಇಲ್ಲಿಗೇ ಬಿಡುತ್ತಾರೆ. ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಎರಡನೇ ಹಂತ ಇದೆ. ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಬೇಕು. ಡಾಕೆಟ್ ನಂಬರ್ ಕೊಟ್ಟು, 30 ದಿನದೊಳಗೆ ಅಲ್ಲಿಗೆ ಬರೆಯಬಹುದು, ಶುಲ್ಕ ಇಲ್ಲ, 39 ದಿನದೊಳಗೆ ತೀರ್ಮಾನ ಆಗಬೇಕು. ನಾವು ಇಮೇಲ್ ಮಾಡಿದೆವು. ಉದ್ದ ಕಥೆ ಬರೆಯಲಿಲ್ಲ. ಬದಲಾದ ದಿನದ ಮೆಸೇಜ್, ಅದೇ ದಿನದ ರೀಚಾರ್ಜ್ ರಸೀದಿ, ಫೈನಲ್ ಬಿಲ್, ಷರತ್ತಿನ ಆ ಒಂದು ಸಾಲು, ಮತ್ತೆ 999ರಿಂದ 466.20 ಕಳೆದು ತೆರಿಗೆ ಸೇರಿಸಿದ ಲೆಕ್ಕ. ನವೆಂಬರ್ ಕೊನೆಯ ಹೊತ್ತಿಗೆ 629 ರೂಪಾಯಿ ಮನ್ನಾ ಆಯಿತು. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಇತ್ತು. ಟೆಲಿಕಾಂ ಜಗಳಗಳನ್ನು ಅಲ್ಲಿಗೆ ಒಯ್ಯಬಾರದು ಅಂತ ಕಂಪನಿಗಳು ಮುಂಚೆ ವಾದಿಸುತ್ತಿದ್ದವು, 2022ರಲ್ಲಿ ಸುಪ್ರೀಂ ಕೋರ್ಟ್ ಒಯ್ಯಬಹುದು ಅಂತ ಹೇಳಿತು.

ಬಿಲ್ ಓದುವಾಗ ಇನ್ನೊಂದು ವಿಷಯ ಸಿಕ್ಕಿತು. ಹಳೆಯ ಬಿಲ್‌ಗಳ ಮೂಲೆಯಲ್ಲಿ ಭದ್ರತಾ ಠೇವಣಿ 500 ರೂಪಾಯಿ ಅಂತ ಇತ್ತು. ವರ್ಷಗಳ ಹಿಂದೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸುವಾಗ ಕಟ್ಟಿದ್ದು, ಚಿಕ್ಕಪ್ಪನಿಗೇ ಮರೆತುಹೋಗಿತ್ತು. ಫೈನಲ್ ಬಿಲ್ಲಿನಲ್ಲಿ ಅದನ್ನು ಕಳೆದಿರಲಿಲ್ಲ. ಅದೇ ಮೇಲ್ಮನವಿಯಲ್ಲಿ ಅದನ್ನೂ ಕೇಳಿದೆವು. ಆ್ಯಡ್-ಆನ್‌ಗಳ ಅಕ್ಟೋಬರ್ 5ರಿಂದ ನವೆಂಬರ್ 4ರವರೆಗಿನ 942 ರೂಪಾಯಿ ಬಿಲ್ಲಿನಲ್ಲಿ ಅದನ್ನು ಹೊಂದಿಸಿದರು, 442 ಕಟ್ಟಿದರೆ ಸಾಕಾಯಿತು. ಹಳೆಯ ಪೋಸ್ಟ್‌ಪೇಯ್ಡ್ ನಂಬರ್ ಇರುವವರು ಒಮ್ಮೆ ಬಿಲ್ಲಿನಲ್ಲಿ ಈ ಸಾಲು ಹುಡುಕಿ. ಕೇಳದೇ ಇದ್ದರೆ ಅದು ಹಾಗೇ ಕೂತಿರುತ್ತದೆ.

ಪ್ಲ್ಯಾನಿನ ಜೊತೆ ಬಂದಿದ್ದ ಒಟಿಟಿಗಳ ಕತೆ ಬೇರೆ. ಎರಡೂ ಒಂದೇ ರೀತಿ ನಡೆದುಕೊಳ್ಳಲಿಲ್ಲ. ಒಂದನ್ನು ಕಂಪನಿ ತಿಂಗಳು ತಿಂಗಳು ತಾನೇ ಪಾವತಿಸುತ್ತಿತ್ತು. ಅದು ಬದಲಾದ ಕೂಡಲೇ ನಿಂತಿತು. ಖಾತೆ ಅಳಿದಿರಲಿಲ್ಲ, ಯಾಕೆಂದರೆ ಅದು ಚಿಕ್ಕಪ್ಪನ ಇಮೇಲ್‌ನಲ್ಲಿ ಇತ್ತು, ನೋಡಿದ ಪಟ್ಟಿ ಎಲ್ಲ ಹಾಗೇ ಇತ್ತು, ಮುಂದುವರಿಸಲು ಕಾರ್ಡ್ ಕೊಡಿ ಅಂತ ಮಾತ್ರ ಕೇಳುತ್ತಿತ್ತು. ಇನ್ನೊಂದನ್ನು ವರ್ಷದ ಚಂದಾ ಅಂತ ಒಮ್ಮೆಗೇ ಸಕ್ರಿಯ ಮಾಡಿಕೊಂಡಿದ್ದರು. ಅದು ಇನ್ನೂ ನಡೆಯುತ್ತಿದೆ, ಅವಧಿ ಮುಗಿದಾಗ ನಿಲ್ಲುತ್ತದೆ. ಇಲ್ಲಿ ಎಚ್ಚರ ಬೇಕಾದದ್ದು ಆ ಮೊದಲನೆಯದರಲ್ಲಿ. ಟಿವಿಯಲ್ಲಿ ಕಾರ್ಡ್ ಕೇಳುವ ಪುಟ ಬಂದಾಗ ಮನೆಯವರು ಯಾರೋ ಸುಮ್ನೆ ಹಳೆಯದೇ ಮುಂದುವರಿಯುತ್ತದೆ ಅಂದುಕೊಂಡು ಕಾರ್ಡ್ ಹಾಕಿಬಿಟ್ಟರೆ ಅದು ಪೂರ್ಣ ದರದ ಹೊಸ ಚಂದಾ. ಪ್ಲ್ಯಾನ್ ಇಳಿಸಿ ಉಳಿಸಿದ ಹಣದಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ಉಳಿದು ಮುಂದಕ್ಕೆ ಬಂದಿದ್ದ ಡೇಟಾ ಮಾತ್ರ ಪೂರ್ತಿ ಹೋಯಿತು, ಅದಕ್ಕೆ ಲೆಕ್ಕವೂ ಇಲ್ಲ, ವಾಪಸ್ ಕೇಳುವ ದಾರಿಯೂ ಇಲ್ಲ.

ಮನೆಯ ಬ್ರಾಡ್‌ಬ್ಯಾಂಡ್, ಟಿವಿ, ಪೋಸ್ಟ್‌ಪೇಯ್ಡ್ ಮೂರೂ ಒಂದೇ ಬಿಲ್ಲಿನಲ್ಲಿ ಇರುವವರಿಗೆ ಇದು ಇನ್ನೂ ಜಾಸ್ತಿ ತಟ್ಟುತ್ತದೆ. ಪೋಸ್ಟ್‌ಪೇಯ್ಡ್ ನಂಬರ್ ಹೊರಗೆ ಬಂದರೆ ಆ ಒಟ್ಟು ಬಿಲ್ಲಿನ ರಿಯಾಯಿತಿ ಹೋಗಿ ಬ್ರಾಡ್‌ಬ್ಯಾಂಡ್ ದರವೇ ಏರಬಹುದು. ಚಿಕ್ಕಪ್ಪನ ಮನೆಯ ವೈಫೈ ಬೇರೆ ಕಂಪನಿಯದು, ಅದೊಂದು ಪುಣ್ಯ.

ಪ್ರೀಪೇಯ್ಡ್ ಆದ ಮೇಲೆ ಚಿಕ್ಕಪ್ಪನಿಗೆ ನಾನು ಹೇಳಿದ ಒಂದೇ ಮಾತು, ವ್ಯಾಲಿಡಿಟಿ ಮರೆಯಬೇಡಿ ಅಂತ. ಪೋಸ್ಟ್‌ಪೇಯ್ಡ್‌ನಲ್ಲಿ ಎರಡು ದಿನ ತಡವಾದರೆ ಬಿಲ್ಲಿಗೆ ತಡದ ಶುಲ್ಕ ಬರುತ್ತದೆ, ಫೋನ್ ನಡೆಯುತ್ತಿರುತ್ತದೆ. ಪ್ರೀಪೇಯ್ಡ್‌ನಲ್ಲಿ ಅವಧಿ ಮುಗಿದರೆ ಅವತ್ತೇ ಕರೆ ನಿಲ್ಲುತ್ತದೆ. ಪಿಂಚಣಿ ಖಾತೆ, ಆಧಾರ್, ಗ್ಯಾಸ್ ಎಲ್ಲದಕ್ಕೂ ಆ ನಂಬರೇ ಇದೆ. ಅದಕ್ಕೇ ವರ್ಷದ ರೀಚಾರ್ಜ್ ಹಾಕಿಸಿಕೊಂಡರು.

ಡಿಸೆಂಬರ್‌ನಲ್ಲಿ ಚಿಕ್ಕಮ್ಮನ ನಂಬರನ್ನೂ ಪ್ರೀಪೇಯ್ಡ್ ಮಾಡಿದೆವು. ತಂಗಿ ಆಫೀಸಿನಲ್ಲಿ ಬಿಲ್ ಕೊಟ್ಟು ಹಣ ಪಡೆಯುತ್ತಾಳೆ, ಹಾಗಾಗಿ ಅವಳು ಪೋಸ್ಟ್‌ಪೇಯ್ಡ್‌ನಲ್ಲೇ ಉಳಿದಳು. ಈ ಸಲ ಬೇರೆ ರೀತಿ ಮಾಡಿದೆವು. ಡಿಸೆಂಬರ್ 5ಕ್ಕೆ ಬಿಲ್ ಆಗುವವರೆಗೆ ಕಾದು, ಅವತ್ತೇ ಅದನ್ನು ಕಟ್ಟಿ, 6ನೇ ತಾರೀಕು ಒಟಿಪಿ ಹಾಕಿದೆವು. ಹೀಗೆ ಮಾಡಿದರೆ ಬಿಲ್ ಆಗದೆ ಉಳಿಯುವುದು ಒಂದೇ ದಿನ. ಅದಕ್ಕೂ ಮುಂಚೆ ಇಮೇಲ್ ವಿಳಾಸ ಬದಲಿಸಿದೆವು, ಹಿಂದಿನ ಆರು ತಿಂಗಳ ಬಿಲ್ ಪಿಡಿಎಫ್ ಇಳಿಸಿಕೊಂಡೆವು, ಖಾತೆಯನ್ನು ತಂಗಿಯ ನಂಬರಿಗೆ ಮುಖ್ಯವಾಗಿ ಮಾಡಿಸಿದೆವು. ಜನವರಿಯಲ್ಲಿ ಚಿಕ್ಕಮ್ಮನ ನಂಬರಿಗೆ ಬಂದ ಕೊನೆಯ ಸಾಲು 399ರ ಒಂದು ದಿನದ ಪಾಲು, ತೆರಿಗೆ ಸೇರಿ 15 ರೂಪಾಯಿ 69 ಪೈಸೆ. ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರವನ್ನು ಇಮೇಲ್‌ನಲ್ಲಿ ತರಿಸಿಕೊಂಡೆವು.